ಒಂದೇ ಕೆಲಸ, ಮೂರು ಕಡೆ

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಸಲಹೆಗೆ ಬಂದಿದ್ದವರು ವೈದ್ಯಕೀಯ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿರುವ ಸಂಶೋಧಕಿ. ಲೇಖನ ಸಿದ್ಧವಾಗಿ ಹತ್ತು ದಿನವಾಗಿತ್ತು, ಜರ್ನಲ್‌ಗೆ ಕಳಿಸಲು ಕೈ ಬರುತ್ತಿರಲಿಲ್ಲ. "ಸರ್, ಇದೇ ಕೆಲಸ ಪ್ರಿಪ್ರಿಂಟ್ ಆಗಿ ನಾಲ್ಕು ತಿಂಗಳಿಂದ ಆನ್‌ಲೈನ್‌ನಲ್ಲಿದೆ. ಕಳೆದ ವರ್ಷ ಕಾನ್ಫರೆನ್ಸ್ ಅಬ್‌ಸ್ಟ್ರಾಕ್ಟ್ ಕೂಡ ಬಂದಿದೆ. ಹೇಳಿದರೆ ವಾಪಸ್ ಕಳಿಸ್ತಾರೆ ಅಲ್ವಾ?"

ಪ್ರಿಪ್ರಿಂಟ್ ಅಂದರೆ ಜರ್ನಲ್‌ನ ವಿಮರ್ಶೆಗೆ ಮುಂಚೆಯೇ ಎಲ್ಲರೂ ಓದಲು ಆನ್‌ಲೈನ್‌ನಲ್ಲಿ ಹಾಕುವ ಲೇಖನದ ಪ್ರತಿ. ಲೇಖನದ ಜೊತೆ ಸಂಪಾದಕರಿಗೆ ಕಳಿಸಲು ಅವರು ಬರೆದಿದ್ದ ಕವರ್ ಲೆಟರ್ ಓದಿದೆ. ಎರಡನೇ ಸಾಲಿನಲ್ಲೇ ತೊಂದರೆ ಇತ್ತು: "ಈ ಕೆಲಸ ಹಿಂದೆ ಎಲ್ಲೂ, ಯಾವ ರೂಪದಲ್ಲೂ ಹೊರಬಂದಿಲ್ಲ." ಲ್ಯಾಬ್‌ನ ಹಳೆಯ ಪತ್ರದಿಂದ ಸುಮ್ನೆ ಎತ್ತಿಕೊಂಡ ಸಾಲು ಅದು. ಬರಹಗಳ ಹೋಲಿಕೆ ಹುಡುಕಲು ಜರ್ನಲ್‌ಗಳು ಬಳಸುವ ಐಥೆಂಟಿಕೇಟ್‌ನಂಥ ತಂತ್ರಾಂಶಕ್ಕೆ ಪ್ರಿಪ್ರಿಂಟ್ ಸುಲಭವಾಗಿ ಸಿಗುತ್ತದೆ. ಆಗ ಹೋಲಿಕೆಯ ವರದಿ ಒಂದು ಹೇಳುತ್ತದೆ, ಪತ್ರ ಇನ್ನೊಂದು ಹೇಳುತ್ತದೆ. ಸಂಪಾದಕರಿಗೆ ಅನುಮಾನ ಬರುವುದು ಪ್ರಿಪ್ರಿಂಟ್‌ನಿಂದಲ್ಲ, ಆ ಸಾಲಿನಿಂದ.

ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸುಗಳ ಪ್ರಕಾರ ಸಮ್ಮೇಳನದ ಅಬ್‌ಸ್ಟ್ರಾಕ್ಟ್ ಅಥವಾ ಪೋಸ್ಟರ್ ಇದ್ದರೂ ಪೂರ್ಣ ಲೇಖನ ಕಳಿಸಬಹುದು. ಪ್ರಿಪ್ರಿಂಟ್ ಇದ್ದರೆ ಕಳಿಸುವಾಗಲೇ ತಿಳಿಸಬೇಕು. ಸಮ್ಮೇಳನದ ಸಂಪುಟದಲ್ಲಿ ಪೂರ್ಣ ಪ್ರಬಂಧವೇ ಅಚ್ಚಾಗಿದ್ದರೆ ಮಾತು ಬೇರೆ. ಇವರದು ಇನ್ನೂರೈವತ್ತು ಪದಗಳ ಅಬ್‌ಸ್ಟ್ರಾಕ್ಟ್ ಅಷ್ಟೇ. ಅವರು ಆರಿಸಿದ್ದ ಜರ್ನಲ್‌ನ ಲೇಖಕರ ಸೂಚನೆಯನ್ನೂ ಜೊತೆಗೆ ಕೂತು ಓದಿದೆವು. ಪ್ರಿಪ್ರಿಂಟ್‌ಗೆ ಅಡ್ಡಿಯಿರಲಿಲ್ಲ.

ಇನ್ನೊಂದು ವಿಷಯ ಅವರ ಗಮನಕ್ಕೇ ಬಂದಿರಲಿಲ್ಲ. ಅಬ್‌ಸ್ಟ್ರಾಕ್ಟ್‌ನಲ್ಲಿ 84 ರೋಗಿಗಳು, ಪ್ರಿಪ್ರಿಂಟ್ ಮತ್ತು ಲೇಖನದಲ್ಲಿ 112. ಅಬ್‌ಸ್ಟ್ರಾಕ್ಟ್ ಕಳಿಸಿದ ಮೇಲೂ ದಾಖಲಾತಿ ಮುಂದುವರಿದಿತ್ತು, ಅಷ್ಟೇ ಕಾರಣ. ಆದರೆ ಕಾರಣ ಬರೆಯದಿದ್ದರೆ ಒಂದೇ ದತ್ತಾಂಶವನ್ನು ಎರಡು ಅಧ್ಯಯನ ಅಂತ ತೋರಿಸಿದ ಹಾಗೆ ಕಾಣುತ್ತದೆ. ನನಗೆ ಜಾಸ್ತಿ ಚಿಂತೆಯಾಗಿದ್ದು ಇದರ ಬಗ್ಗೆಯೇ.

ಆ ಸಾಲು ತೆಗೆದು ಹೀಗೆ ಬರೆಸಿದೆ:

"ಈ ಲೇಖನದ ಹಿಂದಿನ ಆವೃತ್ತಿ ಪ್ರಿಪ್ರಿಂಟ್ ಆಗಿ ಲಭ್ಯವಿದೆ (ಡಿಒಐ ಇಲ್ಲಿ). ಅದಾದ ಮೇಲೆ ಸೂಕ್ಷ್ಮತಾ ವಿಶ್ಲೇಷಣೆ ಸೇರಿಸಿದ್ದೇವೆ, ಚರ್ಚೆಯ ಭಾಗವನ್ನು ತಿದ್ದಿದ್ದೇವೆ. ಮೊದಲ 84 ರೋಗಿಗಳ ಮಧ್ಯಂತರ ಫಲಿತಾಂಶ ಸಮ್ಮೇಳನದ ಅಬ್‌ಸ್ಟ್ರಾಕ್ಟ್ ಆಗಿ ಬಂದಿದೆ. ಅವರೆಲ್ಲರೂ ಈಗಿನ 112 ಜನರಲ್ಲಿ ಸೇರಿದ್ದಾರೆ. ಪೂರ್ಣ ಲೇಖನ ಬೇರೆ ಯಾವ ಜರ್ನಲ್‌ನ ಪರಿಶೀಲನೆಯಲ್ಲೂ ಇಲ್ಲ. ಎರಡರ ಪ್ರತಿಯನ್ನೂ ಲಗತ್ತಿಸಿದ್ದೇವೆ."

ಅವರು "ಕ್ಷಮಿಸಿ" ಅಂತ ಶುರು ಮಾಡಿದ್ದರು. ಅದನ್ನು ಹೊಡೆದು ಹಾಕಿಸಿದೆ. ತಪ್ಪೇ ನಡೆದಿಲ್ಲ, ಕ್ಷಮೆ ಯಾತಕ್ಕೆ? ವಿಮರ್ಶಕರಿಗೆ ಲೇಖಕರ ಹೆಸರು ತಿಳಿಯಬಾರದ ಪದ್ಧತಿ ಆ ಜರ್ನಲ್‌ನಲ್ಲಿತ್ತು. ಹಾಗಾಗಿ ಪ್ರಿಪ್ರಿಂಟ್ ಕೊಂಡಿ ಪತ್ರದಲ್ಲಿ ಮತ್ತು ಪ್ರತ್ಯೇಕ ಶೀರ್ಷಿಕೆ ಪುಟದಲ್ಲಿ ಮಾತ್ರ ಇರಲಿ, ಲೇಖನದೊಳಗೆ ಬೇಡ ಎಂದೆ.

ಅವತ್ತೇ ಸಂಜೆ ಕಳಿಸಿದರು. ಎರಡು ವಾರಕ್ಕೆ ಲೇಖನ ವಿಮರ್ಶೆಗೆ ಹೋಯಿತು. ಹೋಲಿಕೆಯ ಬಗ್ಗೆ ಸಂಪಾದಕರು ಏನೂ ಕೇಳಲಿಲ್ಲ.