320×180 ಗೇಮ್ ಲ್ಯಾಪ್‌ಟಾಪಿನಲ್ಲಿ ಮಿನುಗುತ್ತದೆ, ಏನು ಮಾಡಲಿ?

ಪ್ರಶ್ನೆ: ನನ್ನ ಪಿಕ್ಸೆಲ್ ಆರ್ಟ್ ಗೇಮ್ 320×180. ಫುಲ್ ಎಚ್‌ಡಿ ಟಿವಿಯಲ್ಲಿ ಚೆನ್ನಾಗಿದೆ. 1366×768 ಲ್ಯಾಪ್‌ಟಾಪಿನಲ್ಲಿ ಸ್ಕ್ರೋಲ್ ಆದರೆ ಮಿನುಗುತ್ತದೆ. ಲೀನಿಯರ್ ಫಿಲ್ಟರ್ ಹಾಕಿದರೆ ಪೂರ್ತಿ ಮಸುಕು. ಏನು ದಾರಿ?

ಉತ್ತರ: ನಾನು ಕಾರವಾರದಲ್ಲಿ ಕೂತು ಮೀನುಗಾರಿಕೆಯ ಗೇಮ್ ಒಂದನ್ನು ಮಾಡುತ್ತಿದ್ದೇನೆ, ಅಳತೆ ನಿಮ್ಮದೇ. ದಂಡೆಯಲ್ಲಿ ಒಣಗಲು ಹಾಕಿದ ಬಲೆಯನ್ನು ಒಂದು ಪಿಕ್ಸೆಲ್ ನೂಲು, ಒಂದು ಪಿಕ್ಸೆಲ್ ಖಾಲಿ ಅಂತ ಬಿಡಿಸಿದ್ದೆ. ಲ್ಯಾಪ್‌ಟಾಪಿನಲ್ಲಿ ಕ್ಯಾಮೆರಾ ಸರಿದ ಕೂಡಲೇ ಬಲೆಯ ಮೇಲೆ ಅಲೆ ಹರಿದ ಹಾಗೆ ಕಾಣಿಸಿತು.

ಟಿವಿಯಲ್ಲಿ ಚಿತ್ರದ ಪ್ರತಿ ಪಿಕ್ಸೆಲ್ಲಿಗೂ ಅಗಲದಲ್ಲಿ ಸ್ಕ್ರೀನಿನ ಸರಿಯಾಗಿ 6 ಚುಕ್ಕೆ ಸಿಗುತ್ತವೆ. ಲ್ಯಾಪ್‌ಟಾಪಿನಲ್ಲಿ ಸಿಗುವುದು ಸುಮಾರು 4.27. ನಿಯರೆಸ್ಟ್ ಫಿಲ್ಟರ್ ಚುಕ್ಕೆಯನ್ನು ಒಡೆಯಲಾರದು. ಹಾಗಾಗಿ 320 ಕಂಬಸಾಲುಗಳಲ್ಲಿ 234 ಸಾಲು 4 ಚುಕ್ಕೆ ಅಗಲ, 86 ಸಾಲು 5 ಚುಕ್ಕೆ ಅಗಲ ಆಗುತ್ತವೆ. ಈ ದಪ್ಪ ಸಾಲುಗಳು ಸ್ಕ್ರೀನಿನಲ್ಲಿ ಇದ್ದಲ್ಲೇ ಇರುತ್ತವೆ, ಚಿತ್ರ ಮಾತ್ರ ಸರಿಯುತ್ತದೆ. ಒಂದೇ ನೂಲು ಒಮ್ಮೆ ದಪ್ಪ, ಒಮ್ಮೆ ತೆಳು. ಮಿನುಗು ಅಂದರೆ ಇದೇ.

ಸುಲಭದ ದಾರಿ: ಚಿತ್ರವನ್ನು 4 ಪಟ್ಟು ಮಾತ್ರ ಹಿಗ್ಗಿಸಿ ಸುತ್ತ ಕಪ್ಪು ಅಂಚು ಬಿಡುವುದು. ನಿಮ್ಮ ಲ್ಯಾಪ್‌ಟಾಪಿಗೆ ಅಕ್ಕಪಕ್ಕ 43, ಮೇಲೆ ಕೆಳಗೆ 24 ಚುಕ್ಕೆ ಅಂಚು, ಅಷ್ಟೇ. ಆದರೆ ಆಡುವವರು ವಿಂಡೋವನ್ನು 1270×715ಕ್ಕೆ ಇಳಿಸಿದರೆ 3 ಪಟ್ಟಿಗೇ ಬೀಳುತ್ತೀರಿ, ಚಿತ್ರ ಬರೀ 960×540. ಅದು ನನಗೆ ಒಪ್ಪಿಗೆ ಆಗಲಿಲ್ಲ.

ನಾನು ಬಳಸುವುದು ಇದನ್ನು. ಇಡೀ ಗೇಮನ್ನು ಮೊದಲು 320×180ರ ಒಂದು ಟೆಕ್ಸ್‌ಚರಿಗೆ ಬಿಡಿಸಿ. ಅದಕ್ಕೆ ಲೀನಿಯರ್ ಫಿಲ್ಟರ್ ಹಾಕಿ. ಆಮೇಲೆ ಒಂದೇ ಸಲ ಈ ಶೇಡರ್ ಮೂಲಕ ಸ್ಕ್ರೀನಿಗೆ ತನ್ನಿ:

```glsl
vec2 p = uv * texSize;
vec2 s = floor(p + 0.5);
p = s + clamp((p - s) / fwidth(p), -0.5, 0.5);
color = texture(tex, p / texSize);
```

`s` ಅಂದರೆ ಹತ್ತಿರದ ಎರಡು ಪಿಕ್ಸೆಲ್ಲುಗಳ ನಡುವಿನ ಗೆರೆ. `fwidth(p)` ಅಂದರೆ ಸ್ಕ್ರೀನಿನ ಒಂದು ಚುಕ್ಕೆ ಚಿತ್ರದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದು. ಗೆರೆಯ ಮೇಲೆ ಬೀಳುವ ಒಂದು ಚುಕ್ಕೆಯಲ್ಲಿ ಮಾತ್ರ ಎರಡು ಬಣ್ಣ ಬೆರೆಯುತ್ತವೆ. ಉಳಿದ ಚುಕ್ಕೆಗಳು ಪಿಕ್ಸೆಲ್ಲಿನ ಶುದ್ಧ ಬಣ್ಣವನ್ನೇ ತೋರಿಸುತ್ತವೆ. ನೂಲು ಎಲ್ಲಿದ್ದರೂ ಕಣ್ಣಿಗೆ 4.27 ಚುಕ್ಕೆ ಅಗಲವೇ. ಚಿತ್ರ ದೊಡ್ಡದಾಗುವಾಗ ಮಾತ್ರ ಇದು ಸರಿ, ಕುಗ್ಗಿಸಲು ಬೇಡ.

ಫಿಲ್ಟರನ್ನು ಮರೆತು ನಿಯರೆಸ್ಟಲ್ಲೇ ಬಿಟ್ಟರೆ ಶೇಡರ್ ಇದ್ದೂ ಇಲ್ಲದ ಹಾಗೆ. ನಾನು ಒಂದು ಸಂಜೆ ಪೂರ್ತಿ ಇಲ್ಲೇ ಸಿಕ್ಕಿಬಿದ್ದಿದ್ದೆ. ಇನ್ನೊಂದು, ವಿಂಡೋಸ್ ಡಿಸ್‌ಪ್ಲೇ 125%ರಲ್ಲಿದ್ದು ಗೇಮ್ ಅದನ್ನು ಗಮನಿಸದಿದ್ದರೆ, ನಿಮ್ಮ ಚಿತ್ರವನ್ನು ವಿಂಡೋಸೇ ಮತ್ತೊಮ್ಮೆ ಹಿಗ್ಗಿಸುತ್ತದೆ. ಆಗ ಮಸುಕು ಬಂದರೆ ಶೇಡರಿನ ತಪ್ಪಲ್ಲ. ಬ್ರೌಸರ್ ಗೇಮ್ ಆದರೆ ಕ್ಯಾನ್ವಾಸ್ ಅಳತೆಯನ್ನು `devicePixelRatio` ಇಂದ ಗುಣಿಸಿ.

ಸರಿಯಾಯಿತಾ ಅಂತ ನೋಡಲು ಒಂದು ಪಿಕ್ಸೆಲ್ಲಿನ ಕಪ್ಪು-ಬಿಳಿ ಚೌಕುಳಿ ಹಾಕಿ ಸ್ಕ್ರೀನ್‌ಶಾಟ್ ತೆಗೆಯಿರಿ, ದೊಡ್ಡದು ಮಾಡಿ ನೋಡಿ. ಎರಡು ಚೌಕದ ನಡುವೆ ಬೂದು ಚುಕ್ಕೆ ಒಂದಕ್ಕಿಂತ ಜಾಸ್ತಿ ಇರಬಾರದು.