ಹತ್ತು ಸಾವಿರ ಅಂತ ಬರ್ಕೊಂಡು ಎಂಟೂವರೆ ಕೈಗಿಟ್ರೆ ಬಡ್ಡಿ ಎಷ್ಟು ಬಿತ್ತು?

ಪ್ರಶ್ನೆ: ಸರ್, ನಾನು ತುಮಕೂರಲ್ಲಿ ತಳ್ಳುಗಾಡೀಲಿ ಹಣ್ಣು ಮಾರ್ತೀನಿ. ಫೈನಾನ್ಸ್‌ನೋರು 10,000 ಸಾಲ ಅಂತ ಬರ್ಕೊಂಡು ಬಡ್ಡಿ 1,500 ಮೊದ್ಲೇ ಹಿಡ್ಕೊಂಡು 8,500 ಕೊಡ್ತಾರೆ. ದಿನಕ್ಕೆ 100ರಂಗೆ 100 ದಿನ ಕಟ್ಬೇಕು. 15 ಪರ್ಸೆಂಟ್ ಅಷ್ಟೇ, ಬ್ಯಾಂಕಲ್ಲೂ ಇಷ್ಟೇ ಇರುತ್ತೆ ಅಂತಾರೆ. ನಿಜಾನಾ?

ಉತ್ತರ: ಇಲ್ಲಮ್ಮ, ನಿಜ ಅಲ್ಲ. ಬ್ಯಾಂಕ್ ಹೇಳೋ ಥರ ವರ್ಷದ ಲೆಕ್ಕಕ್ಕೆ ತಂದ್ರೆ ಇದು ಸುಮಾರು 121 ಪರ್ಸೆಂಟ್ ಬಡ್ಡಿ. 15 ಹೋಗಿ 121 ಹೇಗಾಯ್ತು ಅಂತ ಒಂದೊಂದೇ ಮೆಟ್ಟಿಲು ಹತ್ತೋಣ, ಕೂಡೋದು ಭಾಗಿಸೋದು ಬಂದ್ರೆ ಸಾಕು.

ಮೊದಲನೇದು, ನೀವು 10,000 ನೋಡ್ಲೇ ಇಲ್ಲ. ಗಾಡಿಗೆ ಹಣ್ಣು ಹಾಕ್ಸೋಕೆ ನಿಮ್ಮ ಕೈಲಿದ್ದಿದ್ದು 8,500 ಮಾತ್ರ, ಬಾಕಿ 1,500 ಅವರ ಡ್ರಾಯರ್‌ನಿಂದ ಹೊರಗೇ ಬಂದಿಲ್ಲ. ಹಾಗಾಗಿ 1,500ನ 10,000ದಿಂದ ಅಲ್ಲ, 8,500ರಿಂದ ಭಾಗಿಸ್ಬೇಕು. ಆಗ 17.65 ಪರ್ಸೆಂಟ್ ಬರುತ್ತೆ. ಬರೀ ಎರಡೂವರೆ ಪರ್ಸೆಂಟ್ ಜಾಸ್ತಿ ತಾನೆ ಅನ್ಸುತ್ತೆ, ಆದ್ರೆ ಇದು ಇನ್ನೂ ಶುರು.

ಎರಡನೇದು ದಿನದ್ದು. ಬ್ಯಾಂಕ್‌ನೋರು 15 ಪರ್ಸೆಂಟ್ ಅಂದ್ರೆ ಅದು ಒಂದು ವರ್ಷಕ್ಕೆ, ಅಂದ್ರೆ 365 ದಿನಕ್ಕೆ. ಇಲ್ಲಿ 17.65 ಪರ್ಸೆಂಟ್ ಹೋಗಿರೋದು 100 ದಿನಕ್ಕೆ. 365ನ 100ರಿಂದ ಭಾಗಿಸಿದ್ರೆ 3.65, ಅದನ್ನ 17.65ಕ್ಕೆ ಗುಣಿಸಿದ್ರೆ 64 ಪರ್ಸೆಂಟ್ ದಾಟುತ್ತೆ. ಅದೂ ಯಾವಾಗ ಅಂದ್ರೆ, ನೀವು 8,500ನ 100 ದಿನ ಪೂರ್ತಿ ನಿಮ್ಮ ಹತ್ರಾನೇ ಇಟ್ಕೊಂಡು ಕೊನೇ ದಿನ ಒಟ್ಟಿಗೆ 10,000 ಕೊಡೋ ಹಾಗಿದ್ರೆ.

ನೀವು ಹಾಗೆ ಕೊಡ್ತಿಲ್ವಲ್ಲ, ಇಲ್ಲೇ ಇರೋದು ಅಸಲಿ ಹೊಡ್ತ. ಮಾರನೇ ದಿನದಿಂದಾನೇ ಕಲೆಕ್ಷನ್‌ಗೆ ಹುಡುಗ ಬರ್ತಾನೆ, ದಿನಾ 100 ಹೋಗುತ್ತೆ, ಅಂದ್ರೆ ಅವರ ದುಡ್ಡು ದಿನಾ ಸ್ವಲ್ಪ ಸ್ವಲ್ಪ ವಾಪಸ್ ಹೋಗ್ತಾನೇ ಇರುತ್ತೆ. ಮೊದಲನೇ ದಿನ ನಿಮ್ಮ ಹತ್ರ ಅವರ 8,500 ಇತ್ತು, ನೂರನೇ ದಿನದ ಹೊತ್ತಿಗೆ ನೂರು ರೂಪಾಯಿನೂ ಇರಲ್ಲ. ಸರಾಸರಿ ತಗೊಂಡ್ರೆ ಅರ್ಧ, ಅಂದ್ರೆ 4,300ರ ಹತ್ರ ಮಾತ್ರ ನಿಮ್ಮ ಹತ್ರ ಇದ್ದ ಹಾಗೆ. ಬಡ್ಡಿ ಮಾತ್ರ 1,500 ಪೂರ್ತಿ ಕೊಟ್ಟಾಗಿದೆ. 1,500ನ 4,300ರಿಂದ ಭಾಗಿಸಿ, 3.65ರಿಂದ ಗುಣಿಸಿ, 127 ಪರ್ಸೆಂಟ್ ಬರುತ್ತೆ. ಇದು ಅಂದಾಜು, ಯಾಕಂದ್ರೆ ದಿನದ 100ರಲ್ಲಿ ಶುರುವಿನಲ್ಲಿ ಬಡ್ಡಿ ಪಾಲು ಜಾಸ್ತಿ ಇರುತ್ತೆ, ಹಂಗಾಗಿ ಅಸಲು ನಾವು ಅಂದ್ಕೊಂಡಿದ್ದಕ್ಕಿಂತ ಸ್ವಲ್ಪ ನಿಧಾನವಾಗಿ ಕರಗುತ್ತೆ. ಕರಾರುವಾಕ್ಕಾಗಿ ಬೇಕಂದ್ರೆ ಮನೇಲಿ ಓದೋ ಮಕ್ಕಳಿದ್ರೆ ಮೊಬೈಲಲ್ಲಿ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ತೆಗೆಸಿ ಒಂದು ಖಾನೇಲಿ ಇದನ್ನ ಟೈಪ್ ಮಾಡ್ಸಿ:

```
=RATE(100,-100,8500)*365
```

100 ಕಂತು, ಒಂದೊಂದು ಕಂತು 100 (ಕೈಯಿಂದ ಹೋಗೋ ದುಡ್ಡಾದ್ರಿಂದ ಮೈನಸ್), ಕೈಗೆ ಸಿಕ್ಕಿದ್ದು 8,500. ಉತ್ತರ 1.21 ಅಂತ ಬರುತ್ತೆ, ಅದೇ 121 ಪರ್ಸೆಂಟ್. ಈ ಮೂರನೇ ಅಂಕಿ ಇದೆಯಲ್ಲ, ಅಲ್ಲಿ ಕಾರ್ಡಲ್ಲಿ ಬರ್ದಿರೋ 10,000 ಹಾಕಿದ್ರೆ ಬಡ್ಡಿ ಸೊನ್ನೆ ಅಂತ ತೋರ್ಸುತ್ತೆ, ಯಾಕಂದ್ರೆ ಕಾರ್ಡಿನ ಪ್ರಕಾರ 10,000 ತಗೊಂಡು 10,000 ಕಟ್ಟಿದೀರ ಅಷ್ಟೇ. ಕೈಗೆ ಬಂದಿದ್ದನ್ನೇ ಹಾಕ್ಬೇಕು.

ಕೈಗೆ ಬಂದಿದ್ದು ಅಂದ್ರೆ ನಿಜವಾಗ್ಲೂ ಎಣ್ಸಿ ನೋಡಿದ್ದು. ಎಷ್ಟೋ ಕಡೆ ಬಡ್ಡಿ ಅಲ್ದೆ ‘ಡಾಕ್ಯುಮೆಂಟ್ ಚಾರ್ಜು’ ಅಂತ ಇನ್ನೊಂದು 200 ಹಿಡೀತಾರೆ. ಇನ್ನೂರು ತಾನೆ ಅಂತ ಸುಮ್ನಿರ್ತೀವಿ, ಆದ್ರೆ ಮೇಲಿನ ಲೆಕ್ಕದಲ್ಲಿ 8,500 ಬದ್ಲು 8,300 ಹಾಕಿ ನೋಡಿ, 121 ಇದ್ದಿದ್ದು 139ಕ್ಕೆ ಹೋಗುತ್ತೆ.

ಹೋಲಿಕೆಗೆ ಒಂದು ಮಾತು. ಗೊತ್ತಿರೋರ ಹತ್ರ ತಿಂಗ್ಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದ್ರೆ ಜಾಸ್ತಿ ಆಯ್ತು ಅಂತೀವಲ್ಲ, ಅದು ವರ್ಷಕ್ಕೆ 24 ಪರ್ಸೆಂಟ್. ಅದೇ 8,500ನ ಆ ದರದಲ್ಲಿ ತಗೊಂಡು, ಹೀಗೇ 100 ದಿನದಲ್ಲಿ ದಿನಾ ಕಟ್ಟಿ, ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದ್ರೆ ಒಟ್ಟು ಬಡ್ಡಿ 280–290 ರೂಪಾಯಿ ಅಷ್ಟೇ ಆಗೋದು. ನೀವು ಕೊಡ್ತಿರೋದು 1,500.

ಇನ್ನು ಕಾನೂನಿನ ಕಡೆ ನೋಡಿದ್ರೆ, ಕರ್ನಾಟಕದಲ್ಲಿ ಲೇವಾದೇವಿ ಲೈಸೆನ್ಸ್ ಇರೋರು ಅಡವಿಟ್ಟ ಸಾಲಕ್ಕೆ ವರ್ಷಕ್ಕೆ 14, ಅಡವಿಲ್ಲದ ಸಾಲಕ್ಕೆ 16 ಪರ್ಸೆಂಟ್ ದಾಟೋ ಹಾಗಿಲ್ಲ, ಅತಿಯಾದ ಬಡ್ಡಿ ತಡೆಯೋಕೆ ಅಂತಾನೇ 2004ರ ಕಾಯ್ದೆ ಇದೆ. ‘15 ಪರ್ಸೆಂಟ್’ ಅಂತ ಹೇಳಿದ್ರೆ ಕೇಳೋರಿಗೆ ಈ ಮಿತಿಯೊಳಗೇ ಇದೆ ಅನ್ಸುತ್ತೆ, ಆದ್ರೆ ಮಿತಿ ಇರೋದು ವರ್ಷಕ್ಕೆ. ಕೊಟ್ಟೋರು ರಿಸರ್ವ್ ಬ್ಯಾಂಕಲ್ಲಿ ರಿಜಿಸ್ಟರ್ ಆಗಿರೋ ಕಂಪನಿ ಆಗಿದ್ರೆ ಅವರಿಗೆ ನಿಯಮ ಬೇರೆ, 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಕ್ಕೆಲ್ಲ ಒಂದು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡ್ಬೇಕು, ಅದ್ರಲ್ಲಿ ಚಾರ್ಜು ಎಲ್ಲ ಸೇರ್ಸಿ ವರ್ಷದ ದರ ಎಷ್ಟು ಅಂತ ಬರ್ದಿರ್ಬೇಕು. ಆ ಹಾಳೆ ಕೇಳಿ. ಬರೀ ಕಲೆಕ್ಷನ್ ಕಾರ್ಡ್ ಕೊಟ್ಟು ಕಳ್ಸಿದ್ರೆ ಲೈಸೆನ್ಸ್ ನಂಬರ್ ಕೇಳಿ.

ಬೀದಿ ವ್ಯಾಪಾರಿ ಅಂತ ನಗರಪಾಲಿಕೆ ಕೊಟ್ಟಿರೋ ಗುರುತಿನ ಚೀಟಿ ನಿಮ್ಮ ಹತ್ರ ಇದ್ರೆ ಪಿಎಂ ಸ್ವನಿಧಿ ಸಾಲ ಕೇಳಿ ನೋಡಿ. 2020ರಲ್ಲಿ ಮೊದಲ ಕಂತು 10,000 ಇತ್ತು, 2025ರಲ್ಲಿ ಅದನ್ನ 15,000 ಮಾಡಿದ್ರು. ನಿಮಗೆ ಬೇಕಿರೋದಕ್ಕಿಂತ ಜಾಸ್ತೀನೇ ಆಯ್ತು, ಅಡವೂ ಬೇಡ.

ಈಗಾಗ್ಲೇ ಈ ಫೈನಾನ್ಸ್ ಸಾಲ ತಗೊಂಡಿದ್ರೆ ಒಂದು ವಿಷಯ ಹುಷಾರು. 60 ದಿನ ಕಟ್ಟಿದ ಮೇಲೆ ‘ಉಳಿದಿದ್ದು ಹಿಡ್ಕೊಂಡು ಹೊಸದಾಗಿ 10,000 ಕೊಡ್ತೀವಿ’ ಅಂತ ಅವರೇ ಕೇಳ್ತಾರೆ. ಉಳಿದ 40 ಕಂತಿಗೆ 4,000, ಹೊಸ ಬಡ್ಡಿ 1,500, ಎರಡೂ ಹೋಗಿ ಕೈಗೆ 4,500 ಬರುತ್ತೆ, ತಲೆ ಮೇಲೆ ಮತ್ತೆ 10,000 ಕೂರುತ್ತೆ. ಇದ್ರಲ್ಲಿ ಮೋಸ ಆಗೋದು ಆ 4,000ದಲ್ಲಿ. 100 ದಿನದ ಬಡ್ಡಿ ಮೊದ್ಲೇ ಕೊಟ್ಟಿದೀರ, ಕೊನೇ 40 ದಿನ ಅವರ ದುಡ್ಡು ಬಳಸ್ತಾನೇ ಇಲ್ಲ, ಹಾಗಾಗಿ ಅವತ್ತಿಗೆ ನಿಜವಾದ ಬಾಕಿ 3,740ರ ಆಸುಪಾಸು. ತೀರ್ಸೋದೇ ಆದ್ರೆ 260 ಬಿಡಿ ಅಂತ ಗಟ್ಟಿಯಾಗಿ ಕೇಳಿ. ಅವರು ಒಪ್ಪದೆ ಪೂರ್ತಿ 4,000 ಕೇಳಿದ್ರೆ ಬೇಗ ತೀರ್ಸೋದ್ರಿಂದ ನಿಮಗೆ ಒಂದು ರೂಪಾಯಿನೂ ಉಳಿಯಲ್ಲ, ಆಗ ಕೈಲಿ ದುಡ್ಡಿದ್ರೂ ದಿನಾ 100ರಂಗೇ ಕಟ್ಕೊಂಡು ಹೋಗಿ, ಆ ದುಡ್ಡಲ್ಲಿ ಗಾಡಿಗೆ ಹಣ್ಣು ಹಾಕ್ಸಿ.