ತಮ್ಮನಿಗೆಂದು ಬಂದರು, ಲೆಕ್ಕ ತಪ್ಪಿದ್ದು ಅಕ್ಕನದು

ತೀರ್ಥಹಳ್ಳಿ ಕಡೆಯ ಒಂದು ಕುಟುಂಬ ಇದು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅಳತೆಯ ಲೆಕ್ಕ ಮಾತ್ರ ಪೂರ್ತಿ ಬಿಡಿಸಿ ಹೇಳುತ್ತೇನೆ.

2024ರ ಜುಲೈ, ಜಡಿಮಳೆ. ನಾನು ವಾರಕ್ಕೊಮ್ಮೆ ಹೋಗುವ ಶಾಲೆಗೆ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಬಂದರು. ಜೊತೆಗೆ ಅಜ್ಜಿ. ಹುಡುಗನಿಗೆ ಎಂಟು ವರ್ಷ, ಕ್ಲಾಸಿನಲ್ಲೇ ಕುಳ್ಳ. ಪ್ರಾರ್ಥನೆ ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುವವನು. ಯಾವುದೋ ಮದುವೆ ಮನೆಯಲ್ಲಿ ಯಾರೋ "ಇವನಿನ್ನೂ ಒಂದನೇ ಕ್ಲಾಸಾ?" ಎಂದು ಕೇಳಿದ್ದರಂತೆ. ಅಲ್ಲಿಂದ ಶುರುವಾದ ಚಿಂತೆ. ಎತ್ತರ ಹೆಚ್ಚಿಸುವ ಪುಡಿ ಎಂದು ಎರಡು ಡಬ್ಬಿ ತಂದು ಹಾಲಿಗೆ ಹಾಕಿ ಕುಡಿಸಿದ್ದರು. ಬಾಗಿಲ ಮೇಲೆ ಸರಳು ಹಾಕಿಸಿ ದಿನಾ ನೇತಾಡಿಸುತ್ತಿದ್ದರು. ಹುಡುಗ ಆಟಕ್ಕೆ ಹೋಗುವುದನ್ನೇ ಬಿಟ್ಟಿದ್ದ. ಅವನ ಸಂಕಟಕ್ಕೆ ಮುಖ್ಯ ಕಾರಣ ಎತ್ತರವಲ್ಲ, ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆಯುತ್ತಿದ್ದದ್ದು ಎಂದು ನನಗೆ ಅನ್ನಿಸಿತು.

"ಮೇಡಂ, ಇವ್ನು ಬೆಳೀತಾನೇ ಇಲ್ಲ" ಎಂದರು ತಾಯಿ.

ಬೆಳೆಯುತ್ತಿದ್ದಾನೋ ಇಲ್ಲವೋ ಎಂದು ಇವತ್ತಿನ ಎತ್ತರ ನೋಡಿ ಹೇಳಲು ಬರುವುದಿಲ್ಲ. ಇವತ್ತಿನ ಎತ್ತರ ಎಂದರೆ ಹುಟ್ಟಿದಾಗಿನಿಂದ ಆದ ಬೆಳವಣಿಗೆಯ ಒಟ್ಟು ಮೊತ್ತ. ಅದರಲ್ಲಿ ಅಪ್ಪ ಅಮ್ಮನ ಎತ್ತರವಿದೆ, ಮೊದಲೆರಡು ವರ್ಷದ ಊಟವಿದೆ, ಹಿಂದೆ ಬಂದುಹೋದ ಕಾಯಿಲೆಯೂ ಇದೆ. ಕಳೆದ ಒಂದು ವರ್ಷದಲ್ಲಿ ಏನಾಯಿತು ಎಂದು ತಿಳಿಯಲು ಎರಡು ಅಳತೆ ಬೇಕು, ಜೊತೆಗೆ ಎರಡರ ತಾರೀಖೂ ಬೇಕು.

ಅದೃಷ್ಟಕ್ಕೆ ಹಿಂದಿನ ವರ್ಷದ ಆರೋಗ್ಯ ತಪಾಸಣೆಯ ಪುಸ್ತಕ ಶಾಲೆಯಲ್ಲೇ ಇತ್ತು. 2023ರ ಜೂನ್ 12ರಂದು ಹುಡುಗ 112.1 ಸೆಂ.ಮೀ. ಇದ್ದ. ಅದೇ ಗೋಡೆಯ ಅಳತೆಪಟ್ಟಿಗೆ ನಿಲ್ಲಿಸಿ ನಾನು ಮತ್ತೆ ಅಳೆದೆ. ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿರಬೇಕು, ದೃಷ್ಟಿ ನೇರಕ್ಕೆ, ತಲೆಯ ಮೇಲೆ ಚಪ್ಪಟೆ ಹಲಗೆ. ಬೆಳಗಿನ ಹೊತ್ತೇ ಆರಿಸಿಕೊಂಡೆ. ಸಂಜೆಗೆ ಬೆನ್ನುಮೂಳೆ ಕುಗ್ಗಿ ಒಂದು ಸೆಂಟಿಮೀಟರಿನಷ್ಟು ಕಡಿಮೆ ಬರಬಹುದು. ಮೂರು ಸಲ ಅಳೆದು ಸರಾಸರಿ ತೆಗೆದೆ. 2024ರ ಜುಲೈ 16ರಂದು 117.9.

ಲೆಕ್ಕ ಸುಲಭ:

ವರ್ಷದ ಬೆಳವಣಿಗೆ = (ಈಗಿನ ಎತ್ತರ − ಹಿಂದಿನ ಎತ್ತರ) ÷ ನಡುವಿನ ದಿನಗಳು × 365

ವ್ಯತ್ಯಾಸ 5.8 ಸೆಂ.ಮೀ. ನಡುವೆ 400 ದಿನ. 5.8ನ್ನು 400ರಿಂದ ಭಾಗಿಸಿ 365ರಿಂದ ಗುಣಿಸಿದರೆ ವರ್ಷಕ್ಕೆ 5.3 ಸೆಂ.ಮೀ. ದಿನ ಎಣಿಸದೆ "ಹೋದ ವರ್ಷ, ಈ ವರ್ಷ" ಎಂದು ಸುಮ್ನೆ ಕಳೆದುಬಿಟ್ಟರೆ 5.8 ಎಂದೇ ಬರೆದುಕೊಳ್ಳುತ್ತಿದ್ದೆವು. ಒಂದು ತಿಂಗಳ ಬೆಳವಣಿಗೆ ಪುಕ್ಕಟೆಯಾಗಿ ಸೇರಿಬಿಡುತ್ತಿತ್ತು.

ನಾಲ್ಕೈದು ವರ್ಷ ದಾಟಿದ ಮೇಲೆ, ಮೈನೆರೆಯುವ ಬದಲಾವಣೆ ಶುರುವಾಗುವ ತನಕ, ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ 5ರಿಂದ 6 ಸೆಂ.ಮೀ. ಬೆಳೆಯುತ್ತಾರೆ. ಈ ಹುಡುಗ ಸರಿಯಾಗಿಯೇ ಬೆಳೆಯುತ್ತಿದ್ದ. ಅಪ್ಪನ ಎತ್ತರ 160, ಅಮ್ಮನದು 148. ದೊಡ್ಡವನಾದ ಮೇಲೆ ಎಷ್ಟು ಎತ್ತರ ಆಗಬಹುದು ಎಂದು ಅಂದಾಜಿಸಲು, ಗಂಡುಮಗುವಾದರೆ ಎರಡನ್ನೂ ಕೂಡಿಸಿ 13 ಸೇರಿಸಿ ಅರ್ಧ ಮಾಡುತ್ತಾರೆ. 160.5 ಬಂತು. ಇದರ ಆಚೀಚೆ ಎಂಟು ಸೆಂಟಿಮೀಟರ್ ಹೆಚ್ಚುಕಡಿಮೆ ಆಗಬಹುದು. ಮನೆತನದ ಎತ್ತರವೇ ಅಷ್ಟು. ಪುಡಿ ನಿಲ್ಲಿಸಿ, ಸರಳು ತೆಗೆಸಿ, ಮನೆಯ ಗೋಡೆಗೆ ಸುಣ್ಣ ಹೊಡೆಸಿ ಎಂದೆ. ಅಜ್ಜಿ ನಕ್ಕರು.

ತಿಂಗಳಿಗೊಮ್ಮೆ ಯಾಕೆ ಬೇಡ ಎಂದೂ ಹೇಳಬೇಕಾಯಿತು. ಎಷ್ಟೇ ಜೋಪಾನ ಮಾಡಿದರೂ ಒಂದೊಂದು ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ತಪ್ಪಬಹುದು. ಎರಡು ಅಳತೆ ಸೇರಿದರೆ ಒಂದು ಸೆಂಟಿಮೀಟರ್. ಮೂರು ತಿಂಗಳಿಗೆ ಅಳೆದು ವರ್ಷಕ್ಕೆಂದು ನಾಲ್ಕರಿಂದ ಗುಣಿಸಿದರೆ ಆ ತಪ್ಪು ನಾಲ್ಕು ಸೆಂಟಿಮೀಟರ್ ಆಗುತ್ತದೆ. ಚೆನ್ನಾಗಿ ಬೆಳೆಯುವ ಮಗುವೂ ನಿಂತೇಹೋದ ಹಾಗೆ ಕಾಣಬಹುದು. ಮೇಲಾಗಿ ಮಕ್ಕಳು ವರ್ಷವಿಡೀ ಒಂದೇ ಸಮನೆ ಬೆಳೆಯುವುದಿಲ್ಲ. ಕೆಲವು ತಿಂಗಳು ಜಾಸ್ತಿ, ಕೆಲವು ತಿಂಗಳು ಕಡಿಮೆ. ಹಾಗಾಗಿ ಕನಿಷ್ಠ ಆರು ತಿಂಗಳ ಅಂತರ ಬೇಕು. ಒಂದು ವರ್ಷವಾದರೆ ಲೆಕ್ಕವನ್ನು ಧೈರ್ಯವಾಗಿ ನಂಬಬಹುದು.

ಇಲ್ಲಿಗೆ ಮುಗಿಯಬೇಕಿತ್ತು. ಏಳುವಾಗ ತಾಯಿ, "ಅಕ್ಕನ ಹಾಗೆ ಇವ್ನೂ ಉದ್ದ ಆಗಿದ್ರೆ ಚಿಂತೆ ಇರ್ಲಿಲ್ಲ" ಎಂದರು. ಅಕ್ಕ ಅದೇ ಶಾಲೆಯಲ್ಲಿ ಐದನೇ ಕ್ಲಾಸು, ಹತ್ತೂವರೆ ವರ್ಷ. ಪುಸ್ತಕ ಕೈಯಲ್ಲೇ ಇತ್ತು, ಅವಳನ್ನೂ ಕರೆಸಿದೆ. ಹಿಂದಿನ ವರ್ಷ ಅದೇ ದಿನ 135.8. ಈಗ 138.5. ಮತ್ತೊಂದು ಸಲ ನಿಲ್ಲಿಸಿದೆ, ಜಡೆ ಬಿಚ್ಚಿಸಿ ಅಳೆದೆ. ಅದೇ ಬಂತು.

400 ದಿನಕ್ಕೆ 2.7. ಅಂದರೆ ವರ್ಷಕ್ಕೆ 2.5 ಸೆಂ.ಮೀ.

ಹುಡುಗಿ ಆ ಹೊತ್ತಿಗೂ ತನ್ನ ವಯಸ್ಸಿನವರ ಸರಾಸರಿ ಎತ್ತರಕ್ಕೆ ಹತ್ತಿರವೇ ಇದ್ದಳು. ಬರೀ ಎತ್ತರ ನೋಡಿದ ಯಾರಿಗೂ ಏನೂ ಅನ್ನಿಸುವುದಿಲ್ಲ. ಹಿಂದಿನ ವರ್ಷ ಸರಾಸರಿಗಿಂತ ಸಾಕಷ್ಟು ಮೇಲಿದ್ದವಳು ಈಗ ಸರಾಸರಿಗೆ ಇಳಿದಿದ್ದಾಳೆ ಎಂಬುದು ಎರಡನೇ ಅಳತೆ ಇಲ್ಲದೆ ಕಾಣುವುದೇ ಇಲ್ಲ. ಇನ್ನೂ ಎರಡು ಮೂರು ವರ್ಷ ಕಾದಿದ್ದರೆ ಕುಳ್ಳಾಗಿ ಕಾಣುತ್ತಿದ್ದಳು, ಆಗ ಎಲ್ಲರೂ ಗಾಬರಿ ಬೀಳುತ್ತಿದ್ದರು.

ಅಳತೆಯದೇ ತಪ್ಪಿರಬಹುದೇ? ಆ ಒಂದು ಸೆಂಟಿಮೀಟರನ್ನು ಪೂರ್ತಿ ಅವಳ ಪರವಾಗಿ ಕೊಟ್ಟು ನೋಡಿದೆ. 3.7 ಆದರೂ ವರ್ಷಕ್ಕೆ 3.4. ಈ ವಯಸ್ಸಿನಲ್ಲಿ 4ಕ್ಕಿಂತ ಕಡಿಮೆಯಾದರೆ ವೈದ್ಯರು ನೋಡಲೇಬೇಕು. ಇದೇ ಪರೀಕ್ಷೆ ತಮ್ಮನಿಗೆ ಉಲ್ಟಾ ಮಾಡಿ, ಒಂದು ಸೆಂಟಿಮೀಟರ್ ಕಳೆದರೂ 4.4 ಉಳಿಯುತ್ತಿತ್ತು. ಮೈನೆರೆಯುವ ಮುಂಚೆ ಬೆಳವಣಿಗೆ ಸ್ವಲ್ಪ ನಿಧಾನವಾಗುವುದುಂಟು. ಆದರೆ ಇಷ್ಟು ಇಳಿಯುವುದಿಲ್ಲ.

ತೂಕದ ಕಾಲಂ ನೋಡಿದೆ: 30 ಇದ್ದದ್ದು 35 ಕೆಜಿ ಆಗಿತ್ತು. ಊಟ ಸಾಲದೆ ಬೆಳವಣಿಗೆ ಕುಂಠಿತವಾದರೆ ಮೊದಲು ಇಳಿಯುವುದು ತೂಕ. ಇಲ್ಲಿ ತೂಕ ಏರುತ್ತಿದೆ, ಎತ್ತರ ನಿಂತಿದೆ. ಇಂಥಲ್ಲಿ ಹಾರ್ಮೋನಿನ ತೊಂದರೆಯನ್ನು ಯೋಚಿಸಬೇಕು. ಕೇಳಿದಾಗ ಒಂದೊಂದಾಗಿ ಬಂತು. ಮಲಬದ್ಧತೆ ಇದೆ. ಸ್ಕೂಲಿಂದ ಬಂದು ಮಲಗಿಬಿಡುತ್ತಾಳೆ. ಒಲೆ ಮುಂದಿನಿಂದ ಏಳುವುದೇ ಇಲ್ಲ. "ಮಳೆಗಾಲ ಅಲ್ವಾ, ಚಳಿ ಎಲ್ಲರಿಗೂ ಇರತ್ತೆ" ಎಂದರು ಅಜ್ಜಿ. ನಮ್ಮ ಮಲೆನಾಡಿನಲ್ಲಿ ಚಳಿ ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಅದು ನಿಜ.

ಕಾಯಿಲೆ ಹೆಸರು ನಾನು ಹೇಳಲಿಲ್ಲ, ಅದು ನನ್ನ ಕೆಲಸವಲ್ಲ. ಎರಡು ತಾರೀಖು, ಎರಡು ಎತ್ತರ, ಎರಡು ತೂಕ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಶಿವಮೊಗ್ಗದಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿ, "ಮಗು ಸಪ್ಪಗಿದೆ" ಎಂದು ಶುರುಮಾಡಬೇಡಿ, ಮೊದಲು ಈ ಚೀಟಿ ಕೊಡಿ ಎಂದೆ. ಥೈರಾಯ್ಡ್ ಪರೀಕ್ಷೆ ಬೇಕಾ ಎಂದು ಕೇಳಿ ಎಂದೂ ಸೇರಿಸಿದೆ. ರಕ್ತದಲ್ಲಿ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಬಹಳ ಜಾಸ್ತಿ ಬಂತು, ಥೈರಾಯ್ಡ್ ತಾನೇ ತಯಾರಿಸುವ ಟಿ4 ಕಡಿಮೆ. ಥೈರಾಯ್ಡ್ ಗ್ರಂಥಿ ಸೋತಿತ್ತು. ಆಗಸ್ಟಿನಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ ಶುರುವಾಯಿತು. "ಅಯೋಡಿನ್ ಉಪ್ಪೇ ಹಾಕ್ತೀವಲ್ಲ" ಎಂದು ತಾಯಿಗೆ ಬೇಜಾರು. ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬಿದ್ದರೆ ಉಪ್ಪು ತಡೆಯುವುದಿಲ್ಲ ಎಂದು ವೈದ್ಯರು ಬಿಡಿಸಿ ಹೇಳಿದರಂತೆ.

2025ರ ಜುಲೈ 18ರಂದು ಇಬ್ಬರನ್ನೂ ಅದೇ ಗೋಡೆಗೆ ನಿಲ್ಲಿಸಿದೆ. 367 ದಿನ. ತಮ್ಮ 123.4, ಅಂದರೆ ವರ್ಷಕ್ಕೆ 5.5. ಸಾಲಿನಲ್ಲಿ ಈಗಲೂ ಅವನೇ ಮೊದಲು. ಅಕ್ಕ 146.0, ವರ್ಷಕ್ಕೆ 7.5. ಇದರಲ್ಲಿ ಮಾತ್ರೆಯಿಂದ ಹಿಂದಿನ ಬಾಕಿ ತುಂಬಿದ್ದೆಷ್ಟು, ಮೈನೆರೆಯುವ ವಯಸ್ಸಿನ ಜಿಗಿತ ಎಷ್ಟು ಎಂದು ಈ ಅಂಕಿ ಒಂದೇ ಬೇರ್ಪಡಿಸಿ ಹೇಳುವುದಿಲ್ಲ. ಅದಕ್ಕೆ ವೈದ್ಯರು ಕೈಯ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಿದ್ದಾರೆ. ಚೀಟಿಯಲ್ಲಿ ಮೂರನೇ ಸಾಲು ಬರೆದು ತಾಯಿಯ ಕೈಗೆ ಕೊಟ್ಟೆ.